ಮೂರನೆಯ ಕಿಟಕಿ

ತನ್ನ ಕಣ್ಣುಗುಡ್ಡೆ ಹೊರಳುವ ಸದ್ದು ತನಗೇ ಕೇಳಿಸುತ್ತದೆ ಎಂದು ಯಾರಾದರೂ ವೈದ್ಯರ ಮುಂದೆ ಕೂತು ಹೇಳಿದರೆ ಏನಾಗಬಹುದು, ಊಹಿಸಿ. ರಾತ್ರಿ ಮನೆಯೆಲ್ಲ ನಿಶ್ಶಬ್ದವಾದಾಗ ಕಣ್ಣನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ಕಿವಿಯೊಳಗೆ ಉಪ್ಪುಕಾಗದ ಉಜ್ಜಿದಂಥ ಸದ್ದು. ನಡೆದರೆ ಒಂದೊಂದು ಹೆಜ್ಜೆಯೂ ತಲೆಯೊಳಗೆ ಡೋಲು ಬಡಿದ ಹಾಗೆ. ಊಟಕ್ಕೆ ಕೂತರೆ ತನ್ನ ಹಲ್ಲಿನ ಸದ್ದಿನಲ್ಲಿ ಎದುರಿಗಿದ್ದವರ ಮಾತು ಮುಳುಗಿಹೋಗುತ್ತದೆ. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರೆ ತಮಟೆ ಸರಿಯಾಗಿಯೇ ಇದೆ, ಸೋಂಕಿಲ್ಲ, ಗುಗ್ಗೆಯಿಲ್ಲ. ಇಂಥವರಲ್ಲಿ ಎಷ್ಟೋ ಮಂದಿಗೆ ಸಿಕ್ಕಿದ್ದು ನಿದ್ರೆಮಾತ್ರೆ, ಇಲ್ಲವೇ ಮನೋವೈದ್ಯರ ವಿಳಾಸ.

ಅವರು ಹೇಳುತ್ತಿದ್ದುದು ಅಕ್ಷರಶಃ ನಿಜ ಎಂದು ವೈದ್ಯಶಾಸ್ತ್ರ ಒಪ್ಪಿದ್ದು 1998ರಲ್ಲಿ. ಒಳಕಿವಿಯ ಮೇಲೆ ಇರಬೇಕಾದ ಒಂದು ತೆಳುವಾದ ಎಲುಬಿನ ಹೊದಿಕೆ ಅವರಲ್ಲಿ ಸವೆದುಹೋಗಿರುತ್ತದೆ, ಅಷ್ಟೇ. ನಾನು ಶ್ರವಣಶಾಸ್ತ್ರದ ಪಾಠ ಹೇಳುವವನು. ಈ ಕಾಯಿಲೆಯ ಲಕ್ಷಣಗಳನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ. ಇದನ್ನು ಅರ್ಥಮಾಡಿಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ 1929ರ ಹೊತ್ತಿಗೇ ಪುಸ್ತಕದಲ್ಲಿ ಅಚ್ಚಾಗಿತ್ತು. ಹಾಗಿದ್ದೂ ರೋಗಿಗಳನ್ನು ನಂಬಲು ಎಪ್ಪತ್ತು ವರ್ಷ ಯಾಕೆ ಬೇಕಾಯಿತು?

ಈ ಕಥೆ ಶುರುವಾಗುವುದು ಪಾರಿವಾಳಗಳಿಂದ.

ನಮ್ಮ ಒಳಕಿವಿಯಲ್ಲಿ ಎರಡು ಭಾಗಗಳಿವೆ. ಒಂದು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯ. ಇನ್ನೊಂದು ಒಂದಕ್ಕೊಂದು ಲಂಬವಾಗಿ ನಿಂತ ಮೂರು ಬಳೆಯಾಕಾರದ ನಾಳಗಳು. ಇವುಗಳಿಗೆ ಅರ್ಧವರ್ತುಲ ನಾಳಗಳೆಂದು ಹೆಸರು. ಎರಡೂ ಭಾಗಗಳಲ್ಲಿ ತುಂಬಿರುವುದು ದ್ರವವೇ, ಎರಡನ್ನೂ ಸುತ್ತುವರಿದಿರುವುದು ದೇಹದಲ್ಲೇ ಅತ್ಯಂತ ಗಟ್ಟಿಯಾದ ಎಲುಬುಗಳಲ್ಲೊಂದು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಈ ನಾಳಗಳು ಸದ್ದು ಬರುವ ದಿಕ್ಕನ್ನು ತಿಳಿಸುತ್ತವೆ ಎಂದು ಪಂಡಿತರು ನಂಬಿದ್ದರು. ನಾಳಗಳು ಕಿವಿಯಲ್ಲಿವೆ, ಆದ್ದರಿಂದ ಅವುಗಳ ಕೆಲಸ ಕೇಳುವುದೇ ಇರಬೇಕು ಎಂಬುದು ಆ ಕಾಲದ ತರ್ಕ.

1820ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರೆನ್ಸ್ ಪಾರಿವಾಳಗಳ ಈ ನಾಳಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದ. ಹಕ್ಕಿಗಳು ಕಿವುಡಾಗಲಿಲ್ಲ. ಬದಲಿಗೆ ಅವುಗಳ ತಲೆ ತಡೆಯಿಲ್ಲದೆ ಆಡತೊಡಗಿತು. ಅಡ್ಡವಾಗಿರುವ ನಾಳವನ್ನು ಕತ್ತರಿಸಿದರೆ ತಲೆ ಎಡಬಲಕ್ಕೆ, ನೇರವಾಗಿ ನಿಂತ ನಾಳವನ್ನು ಕತ್ತರಿಸಿದರೆ ಮೇಲಕ್ಕೂ ಕೆಳಕ್ಕೂ. ಯಾವ ನಾಳಕ್ಕೆ ಪೆಟ್ಟು ಬಿದ್ದಿದೆಯೋ ಆ ನಾಳದ ಸಮತಲದಲ್ಲೇ ಚಲನೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಈ ನಾಳಗಳು ತಲೆಯ ತಿರುಗುವಿಕೆಯನ್ನು ಅಳೆಯುತ್ತವೆ ಎಂದು ಸ್ಪಷ್ಟವಾದದ್ದು ಇನ್ನೂ ಅರ್ಧ ಶತಮಾನದ ಮೇಲೆ, 1870ರ ದಶಕದಲ್ಲಿ. ಆಗ ಅರ್ನ್ಸ್ಟ್ ಮಾಖ್, ಯೋಸೆಫ್ ಬ್ರಾಯರ್, ಅಲೆಕ್ಸಾಂಡರ್ ಕ್ರಮ್ ಬ್ರೌನ್ ಎಂಬ ಮೂವರು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಬೇರೆ ಬೇರೆಯಾಗಿ ಆ ತೀರ್ಮಾನಕ್ಕೆ ಬಂದರು. ತಲೆ ತಿರುಗಿದಾಗ ನಾಳದೊಳಗಿನ ದ್ರವ ಹಿಂದುಳಿಯುತ್ತದೆ, ಅದರ ಒತ್ತಡಕ್ಕೆ ನಾಳದ ಬುಡದಲ್ಲಿರುವ ಲೋಳೆಯ ಪರದೆ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಆ ಸುದ್ದಿಯನ್ನು ಆಧರಿಸಿ ಮೆದುಳು ಕಣ್ಣುಗಳನ್ನು ವಿರುದ್ಧ ದಿಕ್ಕಿಗೆ ಸರಿಸಿ, ನಮಗೆ ಲೋಕ ಅಲುಗಾಡದಂತೆ ನೋಡಿಕೊಳ್ಳುತ್ತದೆ. 1892ರಲ್ಲಿ ಸ್ಟ್ರಾಸ್‌ಬರ್ಗಿನ ಎವಾಲ್ಡ್ ಪಾರಿವಾಳದ ನಾಳಕ್ಕೆ ಪುಟ್ಟದೊಂದು ಗಾಳಿಸುತ್ತಿಗೆ ಜೋಡಿಸಿ, ದ್ರವವನ್ನು ಆ ಕಡೆ ಈ ಕಡೆ ತಳ್ಳಿ, ಪ್ರತಿ ನಾಳವೂ ತನ್ನದೇ ಸಮತಲದಲ್ಲಿ ಕಣ್ಣನ್ನೂ ತಲೆಯನ್ನೂ ಆಡಿಸುತ್ತದೆ ಎಂದು ತೋರಿಸಿದ.

ಇಲ್ಲಿಗೆ ಒಂದು ಕೆಲಸ ಮುಗಿದಂತಾಯಿತು. ಕಾಕ್ಲಿಯ ಕೇಳುತ್ತದೆ, ನಾಳಗಳು ತಿರುಗುವಿಕೆಯನ್ನು ಅರಿಯುತ್ತವೆ. ಒಂದೇ ಮನೆಯಲ್ಲಿದ್ದರೂ ಎರಡು ಬೇರೆ ಸಂಸಾರ. ಈ ಗೋಡೆಗೆ ಕನ್ನ ಹಾಕಿದವನು ಇಟಲಿಯ ಬೊಲೋನ್ಯಾದ ಪಿಯೆತ್ರೊ ತುಲ್ಲಿಯೊ.

ತುಲ್ಲಿಯೊ ಕೂಡ ಪಾರಿವಾಳಗಳನ್ನೇ ಹಿಡಿದ. ಆದರೆ ನಾಳವನ್ನು ಕತ್ತರಿಸಲಿಲ್ಲ. ಅದರ ಮೇಲಿನ ಎಲುಬಿಗೆ ಸಣ್ಣದೊಂದು ತೂತು ಕೊರೆದು, ಒಳಗಿನ ಸೂಕ್ಷ್ಮ ಪೊರೆಗೆ ಧಕ್ಕೆಯಾಗದಂತೆ ಬಿಟ್ಟ. ಆಮೇಲೆ ಸದ್ದು ಮಾಡಿದ. ಸದ್ದು ಕೇಳುತ್ತಲೇ ಹಕ್ಕಿಯ ತಲೆ ಹೊರಳಿತು, ಅದೂ ತೂತು ಕೊರೆದ ನಾಳದ ಸಮತಲದಲ್ಲೇ. ಬೇರೆ ನಾಳಕ್ಕೆ ತೂತು ಹಾಕಿದರೆ ಬೇರೆ ದಿಕ್ಕು. ತಿರುಗುವಿಕೆಯನ್ನು ಅರಿಯಬೇಕಾದ ನಾಳ ಈಗ ಸದ್ದಿಗೂ ಓಗೊಡುತ್ತಿತ್ತು. 1929ರಲ್ಲಿ ಅವನು ಇದನ್ನೆಲ್ಲ ಜರ್ಮನ್ ಭಾಷೆಯಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಸಾಹಿತ್ಯದ ಓದುಗರಿಗೆ ಆ ಪುಸ್ತಕದ ಹೆಸರು ಕುತೂಹಲ ಹುಟ್ಟಿಸಬಹುದು: ‘ಕಿವಿ ಮತ್ತು ಮಾತು-ಬರಹಗಳ ಹುಟ್ಟು’. ಪಾರಿವಾಳದ ತಲೆಯಾಟದಿಂದ ಭಾಷೆಯ ಮೂಲದವರೆಗೆ ಹೋಗುವ ಮಹತ್ವಾಕಾಂಕ್ಷೆ ಆ ಶೀರ್ಷಿಕೆಯಲ್ಲೇ ಇದೆ. ಆ ಸಿದ್ಧಾಂತ ಇಂದು ಯಾರಿಗೂ ನೆನಪಿಲ್ಲ. ಆದರೆ ಸದ್ದಿನಿಂದ ತಲೆಸುತ್ತು ಬರುವುದನ್ನು ವೈದ್ಯರು ಇಂದಿಗೂ ‘ತುಲ್ಲಿಯೊ ವಿದ್ಯಮಾನ’ ಎಂದೇ ಕರೆಯುತ್ತಾರೆ.

ಹಾಗಾದರೆ ಆ ತೂತು ಮಾಡುವುದೇನು? ಒಂದು ಚೂರು ಭೌತಶಾಸ್ತ್ರ ಇಲ್ಲಿ ಬೇಕು. ಒಳಕಿವಿಯ ಎಲುಬಿನ ಪೆಟ್ಟಿಗೆಗೆ ಸಹಜವಾಗಿ ಇರುವುದು ಎರಡೇ ಕಿಟಕಿ. ಮೊದಲನೆಯದರಲ್ಲಿ ರಿಕಾಪಿನ ಆಕಾರದ ಪುಟ್ಟ ಎಲುಬು ಕೂತಿದೆ. ತಮಟೆಯ ಕಂಪನವನ್ನು ಅದು ಒಳಗಿನ ದ್ರವಕ್ಕೆ ತಳ್ಳುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಆದ್ದರಿಂದ ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಉಬ್ಬಲೇಬೇಕು. ಹಾಗೆ ಉಬ್ಬುವುದು ಪೊರೆ ಮುಚ್ಚಿದ ಎರಡನೆಯ ಕಿಟಕಿ. ಇವೆರಡರ ನಡುವೆ ಕಾಕ್ಲಿಯ ಇದೆ, ಕಂಪನವೆಲ್ಲ ಅದರ ಮೂಲಕವೇ ಹಾಯ್ದುಹೋಗುತ್ತದೆ. ನಾಳಗಳ ಕಡೆ ದಾರಿಯೇನೋ ಇದೆ, ಆದರೆ ಅಲ್ಲಿ ಹೊರಬೀಳುವ ಬಾಗಿಲಿಲ್ಲ. ಹಾಗಾಗಿ ಅಲ್ಲಿನ ದ್ರವ ಅಲುಗುವುದಿಲ್ಲ. ಈಗ ನಾಳದ ಮೇಲೆ ಒಂದು ತೂತು ಬಿದ್ದರೆ ಅದು ಮೂರನೆಯ ಕಿಟಕಿಯಾಗುತ್ತದೆ. ಹೊರಗಿನಿಂದ ಬಂದ ಸದ್ದಿನ ಒಂದು ಪಾಲು ಕಾಕ್ಲಿಯವನ್ನು ಬಿಟ್ಟು ಈ ಕಿಟಕಿಯ ಕಡೆ ಸೋರುತ್ತದೆ. ಸೋರುವಾಗ ನಾಳದ ದ್ರವವನ್ನು ಅಲ್ಲಾಡಿಸುತ್ತದೆ, ಮೆದುಳು ತಲೆ ತಿರುಗಿತೆಂದು ಮೋಸಹೋಗುತ್ತದೆ. ತುಲ್ಲಿಯೊನ ಪಾರಿವಾಳಕ್ಕೆ ಆದದ್ದು ಇದೇ.

ವಿಚಿತ್ರವೆಂದರೆ, ಇದೇ ವರ್ಷಗಳಲ್ಲಿ ಶಸ್ತ್ರವೈದ್ಯರು ಮನುಷ್ಯರ ಕಿವಿಯಲ್ಲಿ ಬೇಕೆಂದೇ ಇಂಥ ಕಿಟಕಿ ತೆರೆಯುತ್ತಿದ್ದರು. ಓಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ರಿಕಾಪು ಎಲುಬು ತನ್ನ ಕಿಟಕಿಯಲ್ಲೇ ಗಟ್ಟಿಯಾಗಿ ಅಂಟಿಕೊಂಡು ಕಿವಿ ಮಂದವಾಗುತ್ತದೆ. ಮುಂಬಾಗಿಲು ತುಕ್ಕು ಹಿಡಿದರೆ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆಗೆದರಾಯಿತು ಎಂದು ಸ್ಟಾಕ್‌ಹೋಮಿನ ಹೋಲ್ಮ್‌ಗ್ರೆನ್, ಫ್ರಾನ್ಸಿನ ಸೂರ್ದೀಯ್ ಯೋಚಿಸಿದರು. ನ್ಯೂಯಾರ್ಕಿನ ಜೂಲಿಯಸ್ ಲೆಂಪರ್ಟ್ 1938ರಲ್ಲಿ ಅದನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಸುವ ಕ್ರಮ ಪ್ರಕಟಿಸಿದ. ಅಡ್ಡನಾಳದ ಎಲುಬಿಗೆ ಕಿಟಕಿ ಕೊರೆದು ಅದರ ಮೇಲೆ ತೆಳುವಾದ ಚರ್ಮ ಹೊದಿಸಿದರೆ, ಸದ್ದು ಆ ದಾರಿಯಿಂದ ಒಳಹೋಗುತ್ತಿತ್ತು. ಸಾವಿರಾರು ಜನರಿಗೆ ಕಿವಿ ಕೇಳಿಸಿತು. ಅವರಲ್ಲಿ ಅನೇಕರಿಗೆ ಕಿವಿಯೊಳಗೆ ಗಾಳಿಯ ಒತ್ತಡ ಹೆಚ್ಚಿದರೆ ತಲೆ ಸುತ್ತುತ್ತಿತ್ತು. ಕಿಟಕಿ ತೆರೆದರೆ ಹಾಗಾಗುವುದು ಸಹಜ ಎಂದು ವೈದ್ಯರಿಗೆ ಗೊತ್ತಿತ್ತು. 1950ರ ದಶಕದಲ್ಲಿ ರಿಕಾಪು ಎಲುಬನ್ನೇ ಸರಿಪಡಿಸುವ ಶಸ್ತ್ರಚಿಕಿತ್ಸೆ ಬಂದ ಮೇಲೆ ಈ ಕ್ರಮ ಮೂಲೆಗೆ ಸರಿಯಿತು, ಅದರ ಜೊತೆಗೆ ಆ ಅನುಭವವೂ.

ಅಂದರೆ ಕಿಟಕಿ ಕೊರೆದರೆ ಏನಾಗುತ್ತದೆಂದು ಪ್ರಯೋಗಶಾಲೆಗೂ ಗೊತ್ತು, ಶಸ್ತ್ರಚಿಕಿತ್ಸೆಯ ಕೋಣೆಗೂ ಗೊತ್ತು. ಯಾರೂ ಕೊರೆಯದೆ ತಾನಾಗಿಯೇ ಅಂಥ ಕಿಟಕಿ ಇರಬಹುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸದ್ದಿಗೆ ತಲೆ ಸುತ್ತುವ ರೋಗಿಗಳು ಆಗಾಗ ಬರುತ್ತಲೇ ಇದ್ದರು. 1911ರಲ್ಲಿ ಬೆಲ್ಜಿಯಮ್ಮಿನ ಹೆನ್ನೆಬರ್ಟ್, ಹುಟ್ಟಿನಿಂದಲೇ ಸಿಫಿಲಿಸ್ ಇದ್ದವರ ಕಿವಿಗೆ ಗಾಳಿ ಒತ್ತಿದರೆ ಕಣ್ಣು ಅದುರುವುದನ್ನು ದಾಖಲಿಸಿದ್ದ. ಅದಾದ ಮೇಲೆ ಇಂಥ ಲಕ್ಷಣ ಕಂಡರೆ ಸಿಫಿಲಿಸ್ ಇರಬೇಕು, ಮೆನಿಯೇರ್ ಕಾಯಿಲೆ ಇರಬೇಕು, ಒಳಕಿವಿಯ ದ್ರವ ಸೋರುತ್ತಿರಬೇಕು ಎಂದು ಹುಡುಕುವುದು ರೂಢಿಯಾಯಿತು. ಯಾವುದೂ ಸಿಗದಿದ್ದರೆ ಉಳಿದದ್ದು ಮನಸ್ಸಿನ ಕಾಯಿಲೆ.

1990ರ ದಶಕದ ಮಧ್ಯದಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಲಾಯ್ಡ್ ಮೈನರ್ ಎಂಬ ಕಿವಿವೈದ್ಯರ ಬಳಿ ಇಂಥ ಕೆಲವರು ಬಂದರು. ಮೈನರ್ ವೈದ್ಯರಷ್ಟೇ ಅಲ್ಲ, ಒಳಕಿವಿಯ ನಾಳಗಳು ಕಣ್ಣನ್ನು ಹೇಗೆ ಆಡಿಸುತ್ತವೆಂದು ಸಂಶೋಧನೆ ನಡೆಸಿದವರೂ ಹೌದು. ಆದ್ದರಿಂದ ರೋಗಿಯ ತಲೆಸುತ್ತಿನ ವರ್ಣನೆಗಿಂತ ಹೆಚ್ಚಾಗಿ ಅವರು ರೋಗಿಯ ಕಣ್ಣನ್ನು ನೋಡಿದರು. ಇದಕ್ಕೊಂದು ಉಪಾಯ ಬೇಕು. ನಾವು ಯಾವುದಾದರೂ ವಸ್ತುವನ್ನು ದಿಟ್ಟಿಸಿದಾಗ ಕಣ್ಣಿನ ಸಣ್ಣ ಚಲನೆಗಳು ಅಡಗಿಹೋಗುತ್ತವೆ. ಹಾಗಾಗಿ ದಪ್ಪ ಭೂತಗನ್ನಡಿಯ ಕನ್ನಡಕ ಹಾಕಿಸುತ್ತಾರೆ. ರೋಗಿಗೆ ಎದುರಿನದೇನೂ ಸ್ಪಷ್ಟವಾಗಿ ಕಾಣದು, ವೈದ್ಯರಿಗೆ ಮಾತ್ರ ರೋಗಿಯ ಕಣ್ಣು ದೊಡ್ಡದಾಗಿ ಕಾಣುತ್ತದೆ. ಆಮೇಲೆ ಒಂದು ಕಿವಿಗೆ ಜೋರಾದ ಸ್ವರ ಕೊಡುತ್ತಾರೆ.

ಬಲಗಿವಿಯ ಕಾಯಿಲೆ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಬಲಗಿವಿಗೆ ಸ್ವರ ಕೊಟ್ಟಾಗ ಎರಡೂ ಕಣ್ಣುಗಳು ಮೆಲ್ಲನೆ ಮೇಲಕ್ಕೆ ಸರಿಯುತ್ತವೆ. ಜೊತೆಗೆ ಕಣ್ಣುಗುಡ್ಡೆಯ ಮೇಲ್ತುದಿ ಬಲಗಿವಿಯಿಂದ ದೂರಕ್ಕೆ, ಅಂದರೆ ರೋಗಿಯ ಎಡಕ್ಕೆ ಹೊರಳುತ್ತದೆ. ಮೂಗು ಮುಚ್ಚಿ, ಬಾಯಿ ಮುಚ್ಚಿ, ಕಿವಿಗೆ ಗಾಳಿ ತುಂಬುವಂತೆ ಊದಿದರೂ ಹಾಗೆಯೇ. ಆದರೆ ಗಂಟಲಲ್ಲೇ ಉಸಿರು ಬಿಗಿಹಿಡಿದು ಮುಕ್ಕಿದರೆ, ಅಂದರೆ ಭಾರ ಎತ್ತುವಾಗ ನಾವು ಮಾಡುವ ಹಾಗೆ, ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿ ಕಣ್ಣು ವಿರುದ್ಧ ದಿಕ್ಕಿಗೆ, ಕೆಳಕ್ಕೆ ಹೊರಳುತ್ತದೆ. ಒಂದು ಸಲ ಕಿವಿಯ ಕಡೆಯಿಂದ ಒತ್ತಡ, ಇನ್ನೊಂದು ಸಲ ಮೆದುಳಿನ ಕಡೆಯಿಂದ. ದಿಕ್ಕು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ನಟಿಸಿ ತೋರಿಸಲು ಯಾರಿಂದಲೂ ಆಗದ ಚಲನೆಯಿದು. ಕಣ್ಣನ್ನು ಮೇಲೆ ಕೆಳಗೆ ಮಾಡಬಹುದು, ಬೇಕೆಂದಾಗ ಗಾಲಿಯಂತೆ ಹೊರಳಿಸುವುದು ನಮ್ಮ ವಶದಲ್ಲಿಲ್ಲ.

ಈ ಚಲನೆ ಮೂರು ನಾಳಗಳಲ್ಲಿ ಒಂದೇ ಒಂದರ ಸಮತಲಕ್ಕೆ ಸರಿಹೊಂದುತ್ತದೆ. ಅದು ಮೇಲಿನ ನಾಳ. ಫ್ಲೂರೆನ್ಸ್ ಪಾರಿವಾಳದಲ್ಲಿ ಕಂಡ ನಿಯಮವನ್ನು ಮೈನರ್ ತಿರುಗಿಸಿ ಓದಿದರು. ತೂತು ಎಲ್ಲಿದೆಯೆಂದು ಗೊತ್ತಿದ್ದರೆ ಚಲನೆಯ ದಿಕ್ಕು ಹೇಳಬಹುದು. ಹಾಗಿದ್ದರೆ ಚಲನೆಯ ದಿಕ್ಕು ಗೊತ್ತಿದ್ದಾಗ ತೂತು ಎಲ್ಲಿದೆಯೆಂದೂ ಹೇಳಬಹುದು. ಮೇಲಿನ ನಾಳದ ಕಮಾನು ತಲೆಬುರುಡೆಯ ತಳಕ್ಕೆ ತಾಗಿಕೊಂಡಂತೆ ಇದೆ, ಅದರ ಮೇಲೆಯೇ ಮೆದುಳು ಕೂತಿದೆ. ನಡುವೆ ಇರುವುದು ತೆಳುವಾದ ಎಲುಬಿನ ಹಾಳೆ. ಸಿ.ಟಿ. ಸ್ಕ್ಯಾನ್ ಮಾಡಿ ಆ ಜಾಗವನ್ನೇ ನೋಡಿದಾಗ ಹಾಳೆ ಅಲ್ಲಿರಲಿಲ್ಲ. 1998ರಲ್ಲಿ ಮೈನರ್ ಮತ್ತು ಸಂಗಡಿಗರು ಎಂಟು ರೋಗಿಗಳ ವಿವರ ಪ್ರಕಟಿಸಿದರು. ಎಂಟರಲ್ಲಿ ಏಳು ಮಂದಿಯ ಕಣ್ಣು ಹೇಳಿದ ದಿಕ್ಕಿನಲ್ಲೇ ಹೊರಳಿತ್ತು. ಎಂಟೂ ಜನರ ಸ್ಕ್ಯಾನಿನಲ್ಲಿ ಎಲುಬು ಬಿಟ್ಟುಹೋಗಿತ್ತು. ತೀರಾ ಹಾಸಿಗೆ ಹಿಡಿದಂತಾಗಿದ್ದ ಇಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿ ನಾಳವನ್ನು ಮುಚ್ಚಿದಾಗ ಅವರು ಸುಧಾರಿಸಿಕೊಂಡರು.

ಆ ಮೊದಲ ಲೇಖನದ ಗಮನವೆಲ್ಲ ತಲೆಸುತ್ತಿನ ಮೇಲಿತ್ತು. ಕಣ್ಣಿನ ಸದ್ದು, ಹೆಜ್ಜೆಯ ಸದ್ದುಗಳ ಮಾತು ಮುನ್ನೆಲೆಗೆ ಬಂದದ್ದು ಆಮೇಲೆ. ಕಿಟಕಿ ಸದ್ದನ್ನು ಸೋರಿಸುತ್ತದೆ ಎಂದ ಮೇಲೆ ಕಿವಿ ಮಂದವಾಗಬೇಕಲ್ಲ, ಸೂಕ್ಷ್ಮವಾಗುವುದು ಹೇಗೆ? ಉತ್ತರ, ಸದ್ದು ಬರುವ ದಾರಿಯಲ್ಲಿದೆ. ಗಾಳಿಯ ಮೂಲಕ ಬರುವ ಸದ್ದು ರಿಕಾಪಿನ ದಾರಿಯಿಂದ ಒಳಬರುತ್ತದೆ, ಅದರಲ್ಲಿ ಸ್ವಲ್ಪ ಸೋರಿಹೋಗುತ್ತದೆ. ಇಂಥವರಿಗೆ ಕೆಳಸ್ಥಾಯಿಯ ಹೊರಗಿನ ಸದ್ದುಗಳು ನಿಜವಾಗಿಯೂ ಸ್ವಲ್ಪ ಮಂದ. ನಮ್ಮ ದೇಹದ ಒಳಗಿನ ಸದ್ದುಗಳು ಬರುವುದು ಬೇರೆ ದಾರಿಯಲ್ಲಿ. ಹಿಮ್ಮಡಿ ನೆಲಕ್ಕೆ ಬಡಿದ ಪೆಟ್ಟು ಕಾಲಿನ ಎಲುಬು, ಬೆನ್ನೆಲುಬು ಏರಿ ತಲೆಬುರುಡೆಯನ್ನೇ ನಡುಗಿಸುತ್ತದೆ. ಆಗ ಒಳಕಿವಿಯ ದ್ರವ ಎಲ್ಲ ಕಡೆಯಿಂದಲೂ ಒತ್ತಲ್ಪಡುತ್ತದೆ. ಸಾಮಾನ್ಯ ಕಿವಿಯಲ್ಲಿ ಕಾಕ್ಲಿಯದ ನಡುಪೊರೆಯ ಎರಡೂ ಬದಿಯ ಒತ್ತಡ ಬಹುಮಟ್ಟಿಗೆ ಸಮನಾಗಿರುವುದರಿಂದ ಪೊರೆ ಹೆಚ್ಚು ಅಲುಗುವುದಿಲ್ಲ. ಒಂದು ಬದಿಯಲ್ಲಿ ಮೂರನೆಯ ಕಿಟಕಿ ತೆರೆದುಕೊಂಡಿದ್ದರೆ ಆ ಬದಿಯ ಒತ್ತಡ ಕುಸಿದು, ಪೊರೆ ಆ ಕಡೆಗೆ ಜೋರಾಗಿ ಬಾಗುತ್ತದೆ. ಎಲ್ಲರ ತಲೆಯಲ್ಲೂ ಇರುವ, ಯಾರಿಗೂ ಕೇಳಿಸದ ಸದ್ದು ಇವರಿಗೆ ಕೇಳಿಸುತ್ತದೆ. ಕಣ್ಣನ್ನು ಆಡಿಸುವ ಸ್ನಾಯುಗಳ ಅತಿ ಸಣ್ಣ ಕಂಪನವೂ ಹೀಗೆಯೇ ತಲೆಬುರುಡೆಯ ಮೂಲಕ ಕಿವಿ ಸೇರುತ್ತದೆ.

ತರಗತಿಯಲ್ಲಿ ಇದನ್ನು ಹೇಳಿದ ಮೇಲೆ ನಾನು ಟ್ಯೂನಿಂಗ್ ಫೋರ್ಕನ್ನು ಮೀಟಿ ವಿದ್ಯಾರ್ಥಿಯೊಬ್ಬರ ಕಾಲಿನ ಹರಡಿನ ಗಂಟಿನ ಮೇಲೆ ಇಡುತ್ತೇನೆ. ಕಿವಿಗೆ ಕೇಳಿಸಿತೇ ಎಂದರೆ ಎಲ್ಲರೂ ನಗುತ್ತಾರೆ. ಮೂರನೆಯ ಕಿಟಕಿ ಇರುವವರು ನಗುವುದಿಲ್ಲ, ಕೇಳಿಸಿತು ಎನ್ನುತ್ತಾರೆ, ಯಾವ ಕಿವಿಯಲ್ಲಿ ಎಂದೂ ತೋರಿಸುತ್ತಾರೆ. ಎರಡು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಎಲ್ಲರಲ್ಲೂ ಫಲ ಕೊಡುವುದಿಲ್ಲ, ಆದರೆ ಕೊಟ್ಟಾಗ ಮರೆಯಲಾಗದು.

ಇಲ್ಲಿಯೇ ಒಂದು ಎಡವಟ್ಟಿನ ಜಾಗವೂ ಇದೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಗಾಳಿಯ ಮೂಲಕ ಬರುವ ಸದ್ದು ಮಂದ, ಎಲುಬಿನ ಮೂಲಕ ಬರುವುದು ಚೆನ್ನಾಗಿದೆ ಎಂದು ಕಂಡರೆ ಪಠ್ಯಪುಸ್ತಕ ಹೇಳುವುದು ಓಟೋಸ್ಕ್ಲೆರೋಸಿಸ್ ಎಂದು. ಹಾಗೆ ನಂಬಿ, ಸರಿಯಾಗಿಯೇ ಇದ್ದ ರಿಕಾಪು ಎಲುಬಿಗೆ ಶಸ್ತ್ರಚಿಕಿತ್ಸೆ ಮಾಡಿ, ಕಿವಿ ಸುಧಾರಿಸದೆ ಕೈಚೆಲ್ಲಿದ ಪ್ರಕರಣಗಳು 2003ರಿಂದೀಚೆಗೆ ವೈದ್ಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಎರಡನ್ನೂ ಬೇರೆ ಮಾಡುವ ಗುರುತುಗಳಿವೆ. ಮೂರನೆಯ ಕಿಟಕಿಯವರಲ್ಲಿ ಎಲುಬಿನ ಮೂಲಕ ಕೇಳುವ ಶಕ್ತಿ ಬರೀ ಚೆನ್ನಾಗಿರುವುದಲ್ಲ, ನಕ್ಷೆಯ ಸೊನ್ನೆಯ ಗೆರೆಗಿಂತ ಮೇಲೆ, ಮೈನಸ್ 5, ಮೈನಸ್ 10 ಡೆಸಿಬೆಲ್ಲಿಗೆ ಹೋಗಬಹುದು. ಪರೀಕ್ಷಕರು ಸೊನ್ನೆಗೇ ನಿಲ್ಲಿಸಿದರೆ ಅದು ಕಣ್ತಪ್ಪುತ್ತದೆ. ಇನ್ನೊಂದು, ಜೋರಾದ ಸದ್ದಿಗೆ ರಿಕಾಪಿನ ಸ್ನಾಯು ತಾನಾಗಿ ಬಿಗಿಯುತ್ತದೆ. ಓಟೋಸ್ಕ್ಲೆರೋಸಿಸ್‌ನಲ್ಲಿ ಎಲುಬು ಅಂಟಿಕೊಂಡಿರುವುದರಿಂದ ಆ ಪ್ರತಿಕ್ರಿಯೆ ದಾಖಲಾಗದು, ಮೂರನೆಯ ಕಿಟಕಿಯವರಲ್ಲಿ ದಾಖಲಾಗುತ್ತದೆ. ತನ್ನ ದನಿಯೇ ತನಗೆ ಮೊಳಗುವ ಇನ್ನೊಂದು ತೊಂದರೆಯೂ ಇದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ಸದಾ ತೆರೆದೇ ಇದ್ದರೆ ಹಾಗಾಗುತ್ತದೆ. ಅವರಿಗೆ ತಮ್ಮ ಉಸಿರಾಟ ಜೋರಾಗಿ ಕೇಳಿಸುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಹೆಜ್ಜೆಯ ಸದ್ದು, ಕಣ್ಣಿನ ಸದ್ದು ಅವರ ದೂರಿನಲ್ಲಿ ಇರುವುದಿಲ್ಲ.

ಈ ಎಲುಬು ತೆಳುವಾಗುವುದು ಯಾಕೆ? 2000ದಲ್ಲಿ ಹಾಪ್‌ಕಿನ್ಸ್‌ನವರು ಸತ್ತವರಿಂದ ಸಂಗ್ರಹಿಸಿ ಕಾಪಾಡಿದ್ದ 1000 ಕಿವಿಯೆಲುಬುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. 5ರಲ್ಲಿ ಎಲುಬು ಪೂರ್ತಿ ಬಿಟ್ಟುಹೋಗಿತ್ತು. ಇನ್ನು 14ರಲ್ಲಿ ಅದು 0.1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿತ್ತು. ಹಸುಗೂಸುಗಳಲ್ಲಿ ಈ ಹಾಳೆ ತೆಳುವಾಗಿಯೇ ಇದ್ದು, ಮೂರು ವರ್ಷದ ಹೊತ್ತಿಗೆ ದಪ್ಪವಾಗುತ್ತದೆ ಎಂಬುದೂ ಗೊತ್ತಾಯಿತು. ಕೆಲವರಲ್ಲಿ ಆ ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ತೆಳುವಾದ ಹಾಳೆ ವರ್ಷಗಟ್ಟಲೆ ತಡೆದುಕೊಂಡು, ತಲೆಗೆ ಬಿದ್ದ ಪೆಟ್ಟಿನಿಂದಲೋ ಭಾರ ಎತ್ತಿದಾಗಲೋ ಬಿರಿಯುತ್ತದೆ. ತೊಂದರೆ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ.

ಆ 0.1 ಮಿಲಿಮೀಟರ್ ಇನ್ನೊಂದು ಎಚ್ಚರಿಕೆಯನ್ನೂ ಹೇಳುತ್ತದೆ. ಅಷ್ಟು ತೆಳುವಾದ ಎಲುಬು ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ, ಇಲ್ಲದಂತೆಯೇ ತೋರುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ತೂತು ಕಂಡವರೆಲ್ಲ ರೋಗಿಗಳಲ್ಲ. ಒಂದು ಕಾಲದಲ್ಲಿ ಸ್ಕ್ಯಾನ್ ಇಲ್ಲದೆ ರೋಗಿಯ ಮಾತನ್ನು ನಂಬಲಿಲ್ಲ. ಈಗ ರೋಗಿಯ ಮಾತನ್ನು ಕೇಳದೆ ಸ್ಕ್ಯಾನನ್ನು ನಂಬುವ ಅಪಾಯ ಬಂದಿದೆ. 2021ರಲ್ಲಿ ತಲೆಸುತ್ತಿನ ತಜ್ಞರ ಅಂತಾರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ ಇದಕ್ಕೆ ನಿಯಮ ಮಾಡಿತು. ರೋಗಿ ಹೇಳುವ ಲಕ್ಷಣ, ಕಿವಿಯ ಪರೀಕ್ಷೆಯಲ್ಲಿ ಮೂರನೆಯ ಕಿಟಕಿಯ ಗುರುತು, ಸ್ಕ್ಯಾನಿನಲ್ಲಿ ತೂತು, ಈ ಮೂರೂ ಸೇರಿದರಷ್ಟೇ ಕಾಯಿಲೆ.

ಕಾಯಿಲೆಯೆಂದು ಖಚಿತವಾದ ಮೇಲೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅನೇಕರು ಜೋರಾದ ಸದ್ದಿನಿಂದ, ಭಾರ ಎತ್ತುವುದರಿಂದ ದೂರವಿದ್ದು ಬದುಕುತ್ತಾರೆ. ಬದುಕು ದುಸ್ತರವಾದವರಿಗೆ, ಕಿವಿಯ ಮೇಲ್ಭಾಗದಲ್ಲಿ ಬುರುಡೆ ತೆರೆದು ಮೆದುಳನ್ನು ಮೆಲ್ಲಗೆ ಎತ್ತಿ ಹಿಡಿದೋ, ಕಿವಿಯ ಹಿಂದಿನ ಎಲುಬನ್ನು ಕೊರೆದೋ ಆ ನಾಳವನ್ನು ತಲುಪಿ, ಸ್ನಾಯುವಿನ ಹೊದಿಕೆ ಮತ್ತು ಎಲುಬಿನ ಪುಡಿಯಿಂದ ಬಿರಡೆ ಹಾಕುತ್ತಾರೆ. ಆ ಒಂದು ನಾಳ ಮುಂದೆ ಕೆಲಸ ಮಾಡುವುದಿಲ್ಲ, ಉಳಿದ ಐದು ನಾಳಗಳಿಂದ ಮೆದುಳು ಹೇಗೋ ಹೊಂದಿಸಿಕೊಳ್ಳುತ್ತದೆ. ಕಿವಿ ಮಂದವಾಗುವ ಅಪಾಯವೂ ಸ್ವಲ್ಪ ಇದೆ. ಕಿಟಕಿ ಮುಚ್ಚಿದ ಮೇಲೆ ಕಣ್ಣು ಮೊದಲಿನಂತೆಯೇ ಹೊರಳುತ್ತಿರುತ್ತದೆ, ಸ್ನಾಯುಗಳು ಮೊದಲಿನಂತೆಯೇ ಕಂಪಿಸುತ್ತಿರುತ್ತವೆ. ಸದ್ದು ಅಲ್ಲಿಯೇ ಇದೆ, ನಮ್ಮೆಲ್ಲರಲ್ಲಿ ಇರುವ ಹಾಗೆ. ಕೇಳಿಸುವುದಿಲ್ಲ, ಅಷ್ಟೇ.